‘ಇನ್ನು ದುಡ್ಡು ಕಳಿಸಬೇಡ’ ಎಂದ ಗಂಡ

ಗಂಡ ಅಥವಾ ಮಗ ಜೈಲಿನಲ್ಲಿರುವ ಮನೆಯವರು ನನ್ನ ಬಳಿಗೆ ಬಂದಾಗ, ಮೊದಲು ಹೇಳುವುದು ಹೊಡೆತದ ಭಯವನ್ನೋ ಊಟದ ಚಿಂತೆಯನ್ನೋ ಅಲ್ಲ, ಸುದ್ದಿ ನಿಂತುಹೋದದ್ದನ್ನು. ಅದರಲ್ಲೂ ವಿಚಾರಣೆ ಮುಗಿದು ಶಿಕ್ಷೆಯಾದ ಬಳಿಕ ಬರುವ ಮೌನವನ್ನು ಅವರು ಬಹುತೇಕ ಪ್ರತಿಬಾರಿಯೂ ತಪ್ಪಾಗಿ ಓದುತ್ತಾರೆ. ಕಳೆದ ಒಂದು ವರ್ಷದಲ್ಲಿ ಇಂಥ ಮೂರನೆಯ ಕುಟುಂಬವನ್ನು ಕಂಡುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಆಕೆ ಮಂಜೇಶ್ವರ ತಾಲೂಕಿನ ಹಳ್ಳಿಯೊಂದರವರು, ಮನೆಯಲ್ಲಿ ಬೀಡಿ ಕಟ್ಟುತ್ತಾರೆ, ಇಬ್ಬರು ಮಕ್ಕಳು. ಪ್ರಕರಣ ಏನೆಂಬುದು ಇಲ್ಲಿ ಬೇಡ. ಗಂಡ ಕೆಲವು ತಿಂಗಳು ಕಾಸರಗೋಡು ಜಿಲ್ಲೆಯ ಹೊಸದುರ್ಗದ ಜೈಲಿನಲ್ಲಿ ವಿಚಾರಣಾಧೀನರಾಗಿದ್ದು, ಶಿಕ್ಷೆಯಾದ ಮೇಲೆ ಕಣ್ಣೂರಿನ ಸೆಂಟ್ರಲ್ ಜೈಲಿಗೆ ವರ್ಗವಾದರು. ಅಲ್ಲಿಯವರೆಗೆ ವಾರಕ್ಕೊಮ್ಮೆಯಾದರೂ ಬರುತ್ತಿದ್ದ ಫೋನ್ ಕರೆ ಒಮ್ಮೆಗೇ ನಿಂತಿತು. ಬರೆದ ಎರಡು ಪತ್ರಗಳಿಗೆ ಉತ್ತರವಿಲ್ಲ. ಐದನೆಯ ವಾರದಲ್ಲಿ ಆಕೆ ಮೈದುನನೊಡನೆ ರೈಲು ಹತ್ತಿ ಕಣ್ಣೂರಿಗೆ ಹೋಗಿ, ಆಧಾರ್ ತೋರಿಸಿ, ಸರದಿಯಲ್ಲಿ ಕಾದು ಗಂಡನನ್ನು ಕಂಡರು. ಅವರು ಹೆಚ್ಚೇನೂ ಮಾತಾಡಲಿಲ್ಲ. ಕೊನೆಗೆ ಒಂದು ಮಾತು ಹೇಳಿದರು: “ಇನ್ನು ದುಡ್ಡು ಕಳಿಸಬೇಡ.”

ಆಕೆ ನನ್ನ ಎದುರು ಕುಳಿತು ಇದನ್ನು ಹೇಳಿ, ಬಹಳ ಹೊತ್ತು ಸುಮ್ಮನಿದ್ದು, ಕೇಳಿದರು: “ದುಡ್ಡು ಬೇಡ ಅಂದರೆ ನಾವೇ ಬೇಡ ಅಂತ ಅಲ್ಲವಾ ಮೇಡಂ?”

ಆ ದಿನದ ಉಳಿದ ಸಮಯವೆಲ್ಲ ಈ ಒಂದು ಪ್ರಶ್ನೆಗೇ ಹೋಯಿತು. ಧೈರ್ಯ ಹೇಳುವುದಕ್ಕಿಂತ ಮೊದಲು, ಒಳಗೆ ಏನು ನಡೆದಿರಬಹುದು ಎಂಬುದನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ವಿಚಾರಣಾಧೀನ ಕೈದಿ ಕೆಲಸ ಮಾಡಲೇಬೇಕೆಂದಿಲ್ಲ. ಹಾಗಾಗಿ ಕ್ಯಾಂಟೀನಿನ ಸಾಬೂನು, ಫೋನಿನ ಖರ್ಚು ಎಲ್ಲಕ್ಕೂ ಮನೆಯ ದುಡ್ಡೇ ಆಧಾರ. ಕಠಿಣ ಶಿಕ್ಷೆಯಾದ ಮೇಲೆ ಸ್ಥಿತಿ ಬೇರೆ. ಚಪಾತಿ ಘಟಕ, ನೇಯ್ಗೆ, ಹೊಲಿಗೆ, ಬಡಗಿ ಕೆಲಸ ಹೀಗೆ ಏನಾದರೊಂದಕ್ಕೆ ಹಾಕುತ್ತಾರೆ, ಕೆಲಸ ಮಾಡಿದ ದಿನಕ್ಕೆ ಕೂಲಿ ಅವನ ಹೆಸರಿನ ಲೆಕ್ಕಕ್ಕೆ ಜಮೆಯಾಗುತ್ತದೆ. ಕೈಗೆ ನೋಟು ಬರುವುದಿಲ್ಲ. ಅದರಲ್ಲಿ ಮಿತಿಯೊಳಗೆ ಕ್ಯಾಂಟೀನಿಗೆ ಖರ್ಚು ಮಾಡಬಹುದು, ಅರ್ಜಿ ಕೊಟ್ಟು ಮನೆಗೂ ಕಳಿಸಬಹುದು. ಕೇರಳದಲ್ಲಿ ಈ ಕೂಲಿ ವರ್ಷಗಟ್ಟಲೆ ತೀರ ಕಡಿಮೆಯಿತ್ತು. 2026ರ ಜನವರಿಯಲ್ಲಿ ಸರಕಾರ ಅದನ್ನು ಕೌಶಲವಿಲ್ಲದ ಕೆಲಸಕ್ಕೆ ದಿನಕ್ಕೆ 530 ರೂಪಾಯಿ, ಪೂರ್ತಿ ಕೌಶಲದ ಕೆಲಸಕ್ಕೆ 620 ರೂಪಾಯಿಯವರೆಗೆ ಏರಿಸಿತು. ಈ ಲೆಕ್ಕ ಕೇಳಿ ಕುಟುಂಬದವರು ತಿಂಗಳಿಗೆ ಇಷ್ಟು ಎಂದು ಗುಣಿಸಿಬಿಡುತ್ತಾರೆ, ಅದು ಸರಿಯಲ್ಲ. ಕೆಲಸವಿಲ್ಲದ ದಿನಕ್ಕೆ ಕೂಲಿಯಿಲ್ಲ. ಕೈದಿಗೆ ನ್ಯಾಯವಾದ ಕೂಲಿ ಸಿಗಬೇಕೆಂದು 1998ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಅದರ ಒಂದು ಪಾಲು ಅಪರಾಧದಿಂದ ನೊಂದವರಿಗೆ ಸಲ್ಲಬೇಕೆಂದೂ ಹೇಳಿದೆ.

ಇಷ್ಟು ಹೇಳಿ ನಾನು ಕೇಳಿದೆ: “ಬೀಡಿ ಕಟ್ಟಿದ ದುಡ್ಡಿನಲ್ಲಿ ನೀವು ಮನಿ ಆರ್ಡರ್ ಮಾಡುತ್ತಿದ್ದೀರಿ ಎಂದು ಅವರಿಗೆ ಗೊತ್ತಿತ್ತಲ್ಲವೇ? ಈಗ ಅವರ ಕೈಯಲ್ಲಿ ದುಡಿಮೆಯಿದೆ. ಬೇಡ ಎಂದದ್ದು ನಿಮ್ಮನ್ನೋ, ನಿಮ್ಮ ಬೆರಳು ನೋಯುವುದನ್ನೋ?” ಆಕೆ ಅಲ್ಲಿಯೇ ಅತ್ತರು. “ಹಾಗಾದರೆ ಅಷ್ಟು ಮಾತು ಬಾಯಿಬಿಟ್ಟು ಹೇಳಬಾರದಿತ್ತಾ?” ಎಂದರು.

ಹೇಳಲಾಗದ್ದಕ್ಕೆ ಕಾರಣವಿದೆ. ಭೇಟಿಯ ಹೊತ್ತಿಗೆ ಸಿಬ್ಬಂದಿ ಅಲ್ಲೇ ಇರುತ್ತಾರೆ, ಅಕ್ಕಪಕ್ಕದಲ್ಲಿ ಬೇರೆ ಕುಟುಂಬಗಳು ಎತ್ತರದ ದನಿಯಲ್ಲಿ ಮಾತಾಡುತ್ತಿರುತ್ತವೆ, ಸಮಯ ಕೆಲವೇ ನಿಮಿಷ. ಮೈದುನ ಅದರಲ್ಲಿ ಬಹುಪಾಲನ್ನು ಅಪೀಲಿನ ವಿಚಾರಕ್ಕೆ ತೆಗೆದುಕೊಂಡಿದ್ದ. ವಕೀಲರೊಡನೆ ಆಡಬೇಕಾದ ಮಾತನ್ನು ಮನೆಯವರ ಭೇಟಿಯಲ್ಲಿ ಆಡುವುದು ನಾನು ಪದೇಪದೇ ಕಾಣುವ ತಪ್ಪು. ಆ ಮಾತು ಕೇಸಿಗೂ ಒಳ್ಳೆಯದಲ್ಲ, ಹೆಂಡತಿಯ ಪಾಲಿನ ನಿಮಿಷಗಳನ್ನೂ ತಿನ್ನುತ್ತದೆ.

ಫೋನಿನ ವಿಷಯ ಕೆದಕಿದಾಗ ಇನ್ನೊಂದು ಸಂಗತಿ ಹೊರಬಂತು. ಜೈಲಿನಿಂದ ಕೈದಿ ತಾನು ಮೊದಲೇ ಬರೆದುಕೊಟ್ಟು ಒಪ್ಪಿಗೆ ಪಡೆದ ಕೆಲವೇ ನಂಬರುಗಳಿಗೆ ಮಾತ್ರ ಕರೆ ಮಾಡಬಹುದು. ನಾವು ಜೈಲಿಗೆ ಕರೆ ಮಾಡಿ ಅವರನ್ನು ಮಾತಿಗೆ ಕರೆಸಿಕೊಳ್ಳಲಾಗದು. ಜೈಲು ಬದಲಾದಾಗ ಇದೆಲ್ಲ ಮತ್ತೆ ಮೊದಲಿನಿಂದ ಆಗಬೇಕು. ಆಕೆಯ ಮೊಬೈಲ್ ನೋಡಿದರೆ ಮೂರನೆಯ ವಾರದಿಂದ ಒಂದೇ ಅಪರಿಚಿತ ನಂಬರಿನಿಂದ ನಾಲ್ಕು ಕರೆಗಳು ಬಂದಿದ್ದವು. ಗಂಡನ ಬಂಧನದ ಸುದ್ದಿ ಹಬ್ಬಿದ ಮೇಲೆ ಯಾರ್ಯಾರೋ ಕರೆ ಮಾಡಿ ಹೀಯಾಳಿಸುತ್ತಿದ್ದುದರಿಂದ ಆಕೆ ಗುರುತಿಲ್ಲದ ಕರೆಗಳನ್ನು ಎತ್ತುವುದನ್ನೇ ಬಿಟ್ಟಿದ್ದರು. ಒಳಗಿದ್ದವರು, ಹೆಂಡತಿ ಬೇಕೆಂದೇ ಫೋನ್ ಎತ್ತುತ್ತಿಲ್ಲ ಎಂದುಕೊಂಡು ಭೇಟಿಗೆ ಬಂದಿದ್ದರು. ಇಬ್ಬರೂ ಒಂದೇ ಭಯವನ್ನು ಹೊತ್ತು ಎದುರುಬದುರು ನಿಂತಿದ್ದರು.

ಪತ್ರದ ಕತೆ ನಮ್ಮ ಗಡಿನಾಡಿನದೇ. ಒಳಗೆ ಹೋಗುವ, ಹೊರಗೆ ಬರುವ ಪತ್ರಗಳನ್ನು ಜೈಲಿನಲ್ಲಿ ಓದಿಯೇ ಬಿಡುತ್ತಾರೆ. ಕಣ್ಣೂರಿನಲ್ಲಿ ಮಲಯಾಳದ ಪತ್ರ ಸುಲಭವಾಗಿ ದಾಟುತ್ತದೆ. ಕನ್ನಡದ ಪತ್ರವನ್ನು ಕನ್ನಡ ಬಲ್ಲವರು ಓದುವ ತನಕ ಅದು ಕಾಯಬೇಕಾಗುತ್ತದೆ. ಆಕೆ ಬರೆದ ಮೂರು ಮೂರು ಹಾಳೆಗಳಲ್ಲಿ ಮನೆಯವರಿಗಷ್ಟೇ ತಿಳಿಯುವ ಅಡ್ಡಹೆಸರುಗಳೂ ಒಗಟಿನಂಥ ಮಾತುಗಳೂ ಇದ್ದವು. ಅಪರಿಚಿತ ಓದುಗನಿಗೆ ಅವು ಸಂಕೇತದಂತೆ ಕಂಡರೆ ಪತ್ರ ಇನ್ನಷ್ಟು ತಡೆದೀತು.

ನಾನು ಕೊಟ್ಟ ಸಲಹೆ ಹೀಗಿತ್ತು. ಆ ನಂಬರನ್ನು ಗಂಡನ ಹೆಸರಿನಲ್ಲಿ ಉಳಿಸಿಕೊಂಡು, ಅದು ಬಂದಾಗ ಬೀಡಿಯ ಮೊರ ಕೆಳಗಿಟ್ಟು ಎತ್ತಬೇಕು, ಸಿಮ್ ಬದಲಿಸಬಾರದು. ತುರ್ತಿನ ಸಂಗತಿ ಫೋನಿನಲ್ಲಿ, ನಿಧಾನದ ಸಂಗತಿ ಪತ್ರದಲ್ಲಿ. ಪತ್ರ ಒಂದೇ ಪುಟ, ತಾರೀಕು ಮತ್ತು ಅವರ ಕೈದಿ ನಂಬರು ಸ್ಪಷ್ಟವಾಗಿ, ಎಲ್ಲರೂ ಓದಬಹುದಾದ ನೇರ ಮಾತಿನಲ್ಲಿ, ಆದರೆ ಕನ್ನಡದಲ್ಲೇ. ಮುಂದಿನ ಭೇಟಿಗೆ ಮೈದುನನ ಬದಲು ದೊಡ್ಡ ಮಗಳನ್ನು ಕರೆದೊಯ್ಯಬೇಕು, ಕೆಲಸದ ಬಗ್ಗೆ ಕೇಳಬೇಕು. ಹಣ ಕಳಿಸುವುದನ್ನು ನಿಲ್ಲಿಸಬೇಕು. ಇನ್ನೊಂದು ಎಚ್ಚರಿಕೆಯನ್ನೂ ಹೇಳಿದೆ: ‘ಜೈಲಿನಿಂದ ಮಾತಾಡುತ್ತಿದ್ದೇವೆ, ಗಂಡನಿಗೆ ಹುಷಾರಿಲ್ಲ, ಈ ನಂಬರಿಗೆ ದುಡ್ಡು ಹಾಕಿ’ ಎಂಬ ಕರೆ ಬಂದರೆ ಒಂದು ಪೈಸೆಯನ್ನೂ ಹಾಕದೆ ಜೈಲಿನ ಕಚೇರಿಗೆ ಕರೆ ಮಾಡಿ ವಿಚಾರಿಸಬೇಕು. ಕಾನೂನಿನ ನೆರವು ಬೇಕಾದರೆ 15100ಕ್ಕೆ ಉಚಿತವಾಗಿ ಕೇಳಬಹುದು.

ನನ್ನ ಸಹೋದ್ಯೋಗಿಯೊಬ್ಬರು ಎರಡು ಆಕ್ಷೇಪ ಎತ್ತಿದರು. ನೆರೆಮನೆಯ ಹುಡುಗನಿಂದ ಮಲಯಾಳದಲ್ಲಿ ಬರೆಸಿದರೆ ಪತ್ರ ಬೇಗ ತಲುಪುತ್ತಿತ್ತಲ್ಲ ಎಂದರು. ತಲುಪುತ್ತಿತ್ತು, ಆದರೆ ಹುಡುಗನ ಮುಂದೆ ಹೇಳಿ ಬರೆಸಿದ ಪತ್ರದಲ್ಲಿ ಹೆಂಡತಿ ಎಷ್ಟು ಉಳಿಯುತ್ತಾಳೆ? ಹತ್ತು ದಿನ ತಡವಾದರೂ ಆಕೆಯ ಕೈಬರಹವೇ ಹೋಗಲಿ ಎಂಬ ನಿಲುವಿಗೆ ನಾನು ಈಗಲೂ ಅಂಟಿಕೊಂಡಿದ್ದೇನೆ. ಎರಡನೆಯದು, ಮನಿ ಆರ್ಡರ್ ಪೂರ್ತಿ ನಿಲ್ಲಿಸಲು ಹೇಳಿದ್ದು ಅವಸರವಾಯಿತು, ಕೂಲಿ ಲೆಕ್ಕಕ್ಕೆ ಬರಲು ತಡವಾದರೆ ಅವರಿಗೆ ಫೋನಿಗೂ ದುಡ್ಡಿರದು ಎಂಬುದು. ಇದರಲ್ಲಿ ಹುರುಳಿತ್ತು. ಆಕೆಗೆ ಮರುದಿನವೇ ಕರೆ ಮಾಡಿ, ಒಂದು ಸಲ ಸಣ್ಣ ಮೊತ್ತ ಕಳಿಸಿ, ಮುಂದಿನ ಭೇಟಿಯಲ್ಲಿ ಅವರನ್ನೇ ಕೇಳಿ ನಿರ್ಧರಿಸಿ ಎಂದು ತಿದ್ದಿ ಹೇಳಿದೆ.

ಎರಡು ತಿಂಗಳ ನಂತರ ಆಕೆ ಮತ್ತೆ ಬಂದಾಗ ಕೈಯಲ್ಲಿ ಪತ್ರವಿತ್ತು. ಚಪಾತಿ ಘಟಕದಲ್ಲಿ ಹಿಟ್ಟು ನಾದುವ ಕೆಲಸ, ಕೂಲಿ ಬರುತ್ತಿದೆ, ಶಾಲೆ ತೆರೆಯುವ ಹೊತ್ತಿಗೆ ಮಕ್ಕಳ ಪುಸ್ತಕಕ್ಕೆ ಕಳಿಸಲು ಅರ್ಜಿ ಕೊಟ್ಟಿದ್ದೇನೆ ಎಂದು ಅದರಲ್ಲಿತ್ತು. ತಾರೀಕು ನೋಡಿದೆ. ಅದು ಆಕೆ ಮೊದಲ ಬಾರಿ ಕಣ್ಣೂರಿಗೆ ಹೋಗಿಬಂದ ಮರುದಿನ ಬರೆದದ್ದು.