N ಒಂದನ್ನೇ ನೋಡಿದರೆ ಟಿಎಲ್‌ಇ ತಪ್ಪುವುದಿಲ್ಲ

ಪ್ರಶ್ನೆ: "ಹಾಸನದಲ್ಲಿ ಬಿಇ ಓದ್ತಿದೀನಿ. N ಎಷ್ಟಿದ್ರೆ ಯಾವ ಅಲ್ಗಾರಿದಂ ಅಂತ ಒಂದು ಟೇಬಲ್ ಬಾಯಿಪಾಠ ಮಾಡಿದೀನಿ, ಆದ್ರೂ ಕಾಂಟೆಸ್ಟಲ್ಲಿ ಟಿಎಲ್‌ಇ ಬರ್ತಾನೇ ಇರುತ್ತೆ. ಇದಕ್ಕಿಂತ ಸರಿಯಾದ ಟೇಬಲ್ ಯಾರ ಹತ್ರಾನಾದ್ರೂ ಇದ್ಯಾ?"

ಆ ಟೇಬಲ್ ನನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲೂ ಇತ್ತು. 20ಕ್ಕೆ 2^N, 500ಕ್ಕೆ N³, 2·10^5ಕ್ಕೆ N log N. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇನ್ನೂ ದೊಡ್ಡ ಟೇಬಲ್ ಹುಡುಕಬೇಡಿ, ಅದರಿಂದ ನಿಮ್ಮ ಟಿಎಲ್‌ಇ ಹೋಗಲ್ಲ. ಟೇಬಲ್ ನೋಡುವುದು N ಒಂದನ್ನೇ. ಪ್ರಶ್ನೆಯ ಕೆಳಗೆ ಕೊಡುವ ಮಿತಿಗಳಲ್ಲಿ ಉಳಿದ ಸಂಖ್ಯೆಗಳೂ ಇರುತ್ತವೆ, ಎಷ್ಟೋ ಸಲ ಉತ್ತರ ಇರುವುದೇ ಅಲ್ಲಿ.

ಒಂದೇ ಲೆಕ್ಕ ತಗೊಂಡು ತೋರಿಸುತ್ತೇನೆ. ಹಾಸನದ ಮಂಡಿಯಲ್ಲಿ N ಮೂಟೆ ಆಲೂಗಡ್ಡೆ ಇದೆ ಅಂದುಕೊಳ್ಳಿ. ಪ್ರತಿ ಮೂಟೆಗೂ ಒಂದು ತೂಕ w, ಒಂದು ಬೆಲೆ v. ಲಾರಿ ಹೊರುವುದು W ತೂಕ. ಒಟ್ಟು ಬೆಲೆ ಅತಿ ಹೆಚ್ಚಾಗುವಂತೆ ಮೂಟೆ ಆರಿಸಬೇಕು. ಹೆಸರು ಎಲ್ಲರಿಗೂ ಗೊತ್ತಿರುವುದೇ, ನ್ಯಾಪ್‌ಸ್ಯಾಕ್.

ಮಿತಿ N ≤ 100, W ≤ 10^5 ಅಂತ ಇದ್ದರೆ ಪುಸ್ತಕದ ಡಿಪಿ ಸಾಕು. dp[ತೂಕ] ಅಂದರೆ ಆ ತೂಕದೊಳಗೆ ಸಿಗುವ ಹೆಚ್ಚಿನ ಬೆಲೆ. ಕೆಲಸ N·W, ಅಂದರೆ 10^7. ಸಿ++ನಲ್ಲಿ ಸೆಕೆಂಡಿಗೆ 10^8 ಸರಳ ಹೆಜ್ಜೆಗಳನ್ನು ನಿಶ್ಚಿಂತೆಯಿಂದ ನಂಬಬಹುದು, ಹಾಗಾಗಿ ಇದು ಆರಾಮಾಗಿ ಪಾಸ್. ಬರೀ ಪೈಥಾನ್ ಲೂಪಿನಲ್ಲಿ ಸೆಕೆಂಡಿಗೆ ಸುಮಾರು 10^7ರ ಒಳಗೇ ಇಟ್ಟುಕೊಳ್ಳಬೇಕು. ಇದೇ ಲೆಕ್ಕ ಅಲ್ಲಿ 2 ಸೆಕೆಂಡಿನ ಮಿತಿಯನ್ನು ದಾಟಿಬಿಡಬಹುದು.

ಈಗ N ≤ 100 ಹಾಗೇ ಇರಲಿ, W ಮಾತ್ರ 10^9 ಆಗಲಿ, v ≤ 1000 ಇರಲಿ. ಟೇಬಲ್ ನೋಡುವವರಿಗೆ N ಬದಲಾಗಿಲ್ಲ, ಹಾಗಾಗಿ ಅದೇ ಡಿಪಿ ಬರೆಯುತ್ತಾರೆ. N·W ಈಗ 10^11, ಸೆಕೆಂಡಿಗೆ 10^8ರಂತೆ ಸಾವಿರ ಸೆಕೆಂಡು. ಅದಕ್ಕೂ ಮುಂಚೆ ಮೆಮೊರಿಯೇ ಸಾಲುವುದಿಲ್ಲ: 10^9 ಮನೆಗಳ long long ಅರೇ ಅಂದರೆ 8 ಜಿಬಿ, ಕೋಡ್‌ಫೋರ್ಸಸ್‌ನಲ್ಲಿ ಸಾಮಾನ್ಯವಾಗಿ ಕೊಡುವುದು 256 ಎಂಬಿ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮಿತಿಗಳಲ್ಲಿ ಚಿಕ್ಕದಾಗಿ ಉಳಿದಿರುವುದು ಯಾವುದು? ಬೆಲೆ. 100 ಮೂಟೆಯ ಬೆಲೆ ಎಲ್ಲ ಕೂಡಿದರೂ 10^5 ದಾಟುವುದಿಲ್ಲ. ಹಾಗಾದರೆ ಡಿಪಿಯನ್ನೇ ತಿರುಗಿಸಿ: dp[ಬೆಲೆ] ಅಂದರೆ ಅಷ್ಟು ಬೆಲೆ ಕೂಡಿಸಲು ಬೇಕಾಗುವ ಕಡಿಮೆ ತೂಕ. S ಅಂದರೆ ಎಲ್ಲ ಬೆಲೆಗಳ ಮೊತ್ತ.

```cpp
vector<long long> dp(S + 1, (long long)1e18);
dp[0] = 0;
for (int i = 0; i < n; i++)
    for (int s = S; s >= v[i]; s--)
        dp[s] = min(dp[s], dp[s - v[i]] + w[i]);
```

dp[s] ≤ W ಆಗುವ ಅತಿ ದೊಡ್ಡ s ಉತ್ತರ. ಕೆಲಸ N·S, ಮತ್ತೆ 10^7. ಆಟ್‌ಕೋಡರ್‌ನ ಎಜುಕೇಷನಲ್ ಡಿಪಿ ಕಾಂಟೆಸ್ಟ್‌ನಲ್ಲಿ ಈ ಎರಡನ್ನೂ D ಮತ್ತು E ಅಂತ ಅಕ್ಕಪಕ್ಕ ಇಟ್ಟಿದ್ದಾರೆ, N ಎರಡರಲ್ಲೂ 100. ಒಂದು ಮುಗಿದ ತಕ್ಷಣ ಇನ್ನೊಂದನ್ನು ಮಾಡಿ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. w, v ಎರಡೂ 10^9ರವರೆಗೆ ಇದ್ದು N ≤ 40 ಅಂತ ಕೊಟ್ಟರೆ? ಈಗ ತೂಕವೂ ದೊಡ್ಡದು, ಬೆಲೆಯೂ ದೊಡ್ಡದು, ಚಿಕ್ಕದಾಗಿರುವುದು N ಮಾತ್ರ. 2^40 ಅಂದರೆ 10^12ಕ್ಕಿಂತ ಹೆಚ್ಚು, ಆಗಲ್ಲ. ಮೂಟೆಗಳನ್ನು 20, 20 ಅಂತ ಎರಡು ಪಾಲು ಮಾಡಿದರೆ ಒಂದೊಂದು ಪಾಲಿಗೆ 2^20, ಅಂದರೆ ಸುಮಾರು 10^6 ಆಯ್ಕೆ. ಎರಡನೇ ಪಾಲಿನ ಆಯ್ಕೆಗಳನ್ನು ತೂಕದ ಪ್ರಕಾರ ಸಾರ್ಟ್ ಮಾಡಿ, ಅಷ್ಟು ತೂಕದೊಳಗೆ ಅಲ್ಲಿಯವರೆಗೆ ಸಿಕ್ಕ ಹೆಚ್ಚಿನ ಬೆಲೆಯನ್ನು ಜೊತೆಗೆ ಇಟ್ಟುಕೊಳ್ಳಿ. ಮೊದಲ ಪಾಲಿನ ಪ್ರತಿ ಆಯ್ಕೆಗೂ ಉಳಿದ ತೂಕವನ್ನು ಬೈನರಿ ಸರ್ಚ್‌ನಲ್ಲಿ ಹುಡುಕಿ. 10^6ಕ್ಕೆ 20 ಹೆಜ್ಜೆಯಂತೆ ಹುಡುಕಾಟಕ್ಕೆ 2·10^7, ಸಾರ್ಟಿಗೂ ಹೆಚ್ಚುಕಡಿಮೆ ಅಷ್ಟೇ. 40 ಅನ್ನುವ ಸಂಖ್ಯೆ ಮಿತಿಯಲ್ಲಿ ಕಂಡರೆ ಮೊದಲು ಈ ದಾರಿಯನ್ನೇ ಯೋಚಿಸಿ.

ಅದೇ ಲಾರಿ, ಅದೇ ಮೂಟೆಗಳು. ಮೂರು ಸಲವೂ ಅಲ್ಗಾರಿದಂ ಆರಿಸಿದ್ದು ಮಿತಿಗಳಲ್ಲಿ ಚಿಕ್ಕದಾಗಿ ಉಳಿದ ಸಂಖ್ಯೆ.

ಇಷ್ಟು ಸರಿಮಾಡಿಕೊಂಡರೂ ನಿಮ್ಮ ಟಿಎಲ್‌ಇ ಪೂರ್ತಿ ಹೋಗದೇ ಇರಬಹುದು, ಯಾಕಂದರೆ ಇನ್ನೊಂದು ಸಂಖ್ಯೆ ಇದೆ: T, ಅಂದರೆ ಒಂದೇ ಇನ್‌ಪುಟ್‌ನಲ್ಲಿ ಎಷ್ಟು ಟೆಸ್ಟ್ ಇವೆ ಅನ್ನುವುದು. ಚಿಕ್ಕಮಗಳೂರಿನಲ್ಲಿ ಹುಡುಗರಿಗೆ ಇದನ್ನು ಹೇಳಿಕೊಡುವಾಗ ನಾನು ಅತಿ ಹೆಚ್ಚು ನೋಡುವ ತಪ್ಪು ಇದೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೋಡ್‌ಫೋರ್ಸಸ್‌ನಲ್ಲಿ T ≤ 10^4, ಎಲ್ಲ ಟೆಸ್ಟ್‌ಗಳ N ಸೇರಿ 2·10^5 ದಾಟುವುದಿಲ್ಲ ಅಂತ ಬಹಳ ಸಲ ಇರುತ್ತದೆ. ಅಂದರೆ ಒಂದೇ ಟೆಸ್ಟಿನಲ್ಲಿ N 2·10^5 ಇರಬಹುದು, ಇಲ್ಲವೇ ಹತ್ತು ಸಾವಿರ ಟೆಸ್ಟ್‌ಗಳಲ್ಲಿ ತಲಾ 20 ಇರಬಹುದು. ಅರೇಯಲ್ಲಿರುವ 1ರಿಂದ N ವರೆಗಿನ ಸಂಖ್ಯೆಗಳು ಎಷ್ಟೆಷ್ಟು ಸಲ ಬಂದಿವೆ ಅಂತ ಎಣಿಸಬೇಕು ಅನ್ನಿ. ಕೋಡ್ ಹೀಗಿರುತ್ತದೆ:

```cpp
while (t--) {
    int n; cin >> n;
    vector<int> cnt(200001);
    ...
}
```

ನೋಡಿದರೆ O(N). ಆದರೆ ಆ vector ಪ್ರತಿ ಟೆಸ್ಟಿಗೂ ಎರಡು ಲಕ್ಷ ಮನೆಗಳಿಗೆ ಸೊನ್ನೆ ತುಂಬುತ್ತದೆ, n ಬರೀ 20 ಇದ್ದರೂ. 10^4 ಸಲ 2·10^5 ಅಂದರೆ 2·10^9 ಮನೆ, ಬೈಟ್ ಲೆಕ್ಕದಲ್ಲಿ 8 ಜಿಬಿ ಬರವಣಿಗೆ. ನಿಜವಾದ ಎಣಿಕೆಯ ಕೆಲಸ 2·10^5 ಮಾತ್ರ. memset ಬರೆದರೂ ಕಥೆ ಇದೇ. ಅಲ್ಲಿ cnt(n + 1) ಅಂತ ಬರೆದರೆ ಮುಗಿಯಿತು: ಎಲ್ಲ ಟೆಸ್ಟ್ ಸೇರಿ ತುಂಬುವ ಮನೆಗಳು 2·10^5 + 10^4 ದಾಟುವುದಿಲ್ಲ.

ಹುಡುಗರು ಇದನ್ನು ಹಿಡಿಯದೇ ಹೋಗುವುದು ಯಾಕೆಂದರೆ ತಮ್ಮ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡುವಾಗ T = 1, N = 2·10^5 ಕೊಡುತ್ತಾರೆ. ಕ್ಷಣದಲ್ಲಿ ಮುಗಿಯುತ್ತದೆ. ಆಮೇಲೆ ಅಲ್ಗಾರಿದಂ ಮೇಲೆ ಸಂಶಯಪಟ್ಟು, ಸರಿ ಇದ್ದದ್ದನ್ನೇ ಕಿತ್ತು ಹೊಸದಾಗಿ ಬರೆಯಲು ಕೂರುತ್ತಾರೆ. ಟಿಎಲ್‌ಇ ಬಂದಾಗ ಅಲ್ಗಾರಿದಂ ಮುಟ್ಟುವ ಮೊದಲು ಟೆಸ್ಟ್ ಲೂಪಿನೊಳಗೆ n ಇಲ್ಲದ ಗಾತ್ರ ಯಾವುದಿದೆ ಅಂತ ಹುಡುಕಿ.

ಒಟ್ಟು N ಇಷ್ಟು ಅನ್ನುವ ಇದೇ ಸಾಲು ಕೆಲವೊಮ್ಮೆ ನಿಮ್ಮ ಪರವೂ ಇರುತ್ತದೆ. N ≤ 1000, ಒಟ್ಟು N ≤ 2·10^5 ಅಂತ ಇದ್ದರೆ ಅತಿ ಕೆಟ್ಟ ಸಂದರ್ಭ 200 ಟೆಸ್ಟ್, ತಲಾ N 1000. N² ಅಲ್ಗಾರಿದಂಗೆ ಒಟ್ಟು 2·10^8. ಒಳಗಿನ ಲೂಪಿನಲ್ಲಿ ಬರೀ ಕೂಡುವುದು, ಹೋಲಿಸುವುದು ಇದ್ದರೆ ಸಿ++ನಲ್ಲಿ 2 ಸೆಕೆಂಡಿಗೆ ಹಾದುಹೋಗುತ್ತದೆ. ಅದೇ ಲೂಪಿನಲ್ಲಿ std::map ಇದ್ದರೆ ಹೋಗಲ್ಲ, ಪ್ರತಿ ಹೆಜ್ಜೆಯೂ ಹತ್ತಾರು ಪಟ್ಟು ಭಾರವಾಗುತ್ತದೆ.

ಇಂಥ ಗಡಿಯ ಲೆಕ್ಕ ಬಂದಾಗ ಊಹೆ ಮಾಡುತ್ತಾ ಕೂರಬೇಡಿ. ಕೋಡ್‌ಫೋರ್ಸಸ್, ಆಟ್‌ಕೋಡರ್ ಎರಡರಲ್ಲೂ ಸಬ್ಮಿಟ್ ಮಾಡದೆ ಅವರ ಸರ್ವರಿನಲ್ಲೇ ಕೋಡ್ ಓಡಿಸಿ ನೋಡುವ ಸೌಲಭ್ಯ ಇದೆ. ದೊಡ್ಡ ಇನ್‌ಪುಟ್ ಅಲ್ಲಿ ಅಂಟಿಸುವುದು ಕಷ್ಟ, ಹಾಗಾಗಿ ಓದುವ ಭಾಗ ತೆಗೆದು ಕೋಡ್ ಒಳಗೇ ಸಂಖ್ಯೆಗಳನ್ನು ಹುಟ್ಟಿಸಿಕೊಳ್ಳಿ. ಅಲ್ಗಾರಿದಂ O(N) ಅಥವಾ N log N ಆಗಿದ್ದರೆ ಎರಡು ಸಲ ಓಡಿಸಿ: ಒಮ್ಮೆ T = 1, N = 200000, ಇನ್ನೊಮ್ಮೆ T = 10000, N = 20. ಎರಡಕ್ಕೂ ಸಮಯ ಹತ್ತಿರ ಹತ್ತಿರ ಬರಬೇಕು. ಎರಡನೆಯದು ಹತ್ತಾರು ಪಟ್ಟು ಹೆಚ್ಚು ತೋರಿಸಿದರೆ, ಯಾವುದೋ ಅರೇ ಪ್ರತಿ ಟೆಸ್ಟಿಗೂ ಪೂರ್ತಿ ತುಂಬುತ್ತಿದೆ ಅಂತಲೇ ಲೆಕ್ಕ.