ಕಂಡೀಷನಲ್ ಆಫರ್ ಬಂದಿದೆ, ರಿಸಲ್ಟ್ ಬಂದಿಲ್ಲ: ಡಿಪಾಸಿಟ್ ಈಗಲೇ ಕಟ್ಟಬೇಕಾ?

"ಯುಕೆಯ ಒಂದು ಯೂನಿವರ್ಸಿಟಿಯಿಂದ ಎಂಎಸ್ಸಿಗೆ ಕಂಡೀಷನಲ್ ಆಫರ್ ಮೇಲ್ ಬಂದಿದೆ. ಜೂನ್ 30ರೊಳಗೆ 3,000 ಪೌಂಡ್ ಡಿಪಾಸಿಟ್, ಜುಲೈ 31ರೊಳಗೆ ದಾಖಲೆಗಳು ಅಂತಿದೆ. ವಿಟಿಯು ಕೊನೆ ಸೆಮ್ ರಿಸಲ್ಟ್ ಬಂದಿಲ್ಲ. ದುಡ್ಡು ಕಟ್ಟಲಾ, ಕಾಯಲಾ?"

ಮೊದಲು ರೀಫಂಡ್ ನಿಯಮ ಓದಿ. ಅದು ಮೇಲ್‌ನಲ್ಲಿ ಇರಲ್ಲ, ಆಫರ್ ಲೆಟರ್‌ನ ಕೊನೆ ಪುಟಗಳಲ್ಲೋ ಲಿಂಕ್‌ನಲ್ಲೋ ಇರುತ್ತದೆ. ವೀಸಾ ಸಿಗದಿದ್ದರೆ ಡಿಪಾಸಿಟ್ ವಾಪಸ್ ಅನ್ನುವುದು ಸಾಮಾನ್ಯವಾಗಿ ಇರುತ್ತದೆ. ನಿಮಗೆ ಬೇಕಾಗಿರುವುದು ಇನ್ನೊಂದು ಸಾಲು: ಕಂಡೀಷನ್, ಅಂದರೆ ಆಫರ್‌ನಲ್ಲಿ ಕೇಳಿರುವ ರಿಸಲ್ಟ್, ಪೂರೈಸಲು ಆಗದಿದ್ದರೂ ವಾಪಸ್ ಕೊಡುತ್ತಾರಾ? ಕೊಡುತ್ತಾರೆ ಅಂತಿದ್ದರೆ ಧೈರ್ಯವಾಗಿ ಕಟ್ಟಿ. ಆ ಸಾಲು ಇಲ್ಲದಿದ್ದರೆ, ರಿಸಲ್ಟ್ ಯಾವಾಗ ಬರಬಹುದು ಅಂತ ತಿಳಿಸಿ, ಡಿಪಾಸಿಟ್‌ಗೆ ಸ್ವಲ್ಪ ಸಮಯ ಕೇಳಿ ಅಡ್ಮಿಷನ್ಸ್ ಆಫೀಸಿಗೆ ಮೇಲ್ ಹಾಕಿ. ಜೂನ್ 30ಕ್ಕೆ ಮುಂಚೆಯೇ ಕೇಳಿ. ತಾರೀಖು ದಾಟಿದ ಮೇಲೆ ಸೀಟೇ ಇರದೇ ಹೋಗಬಹುದು. ಮನಸ್ಸು ಬದಲಾಯಿಸಿ ಬೇರೆ ಕಡೆ ಹೋದರೆ ಮಾತ್ರ ದುಡ್ಡು ವಾಪಸ್ ಬರುವುದು ಕಷ್ಟ.

ಕಟ್ಟುವುದಾದರೆ ಕೊನೆ ದಿನಕ್ಕೆ ಇಟ್ಟುಕೊಳ್ಳಬೇಡಿ. ಬ್ಯಾಂಕಿನಿಂದ ಹೊರದೇಶಕ್ಕೆ ಹೋಗುವ ದುಡ್ಡು ತಲುಪಲು ಕೆಲವು ದಿನ ಬೇಕು. ಮಧ್ಯದ ಬ್ಯಾಂಕುಗಳು ತಮ್ಮ ಚಾರ್ಜ್ ಮುರಿದುಕೊಂಡರೆ 3,000ದ ಬದಲು 2,985 ತಲುಪಿ, ಪೋರ್ಟಲ್‌ನಲ್ಲಿ 'ಬಾಕಿ' ಅಂತಲೇ ಕಾಣಿಸುತ್ತದೆ. ನನಗೆ ಹೀಗೇ ಆಗಿ, ಜುಜುಬಿ ಮೊತ್ತಕ್ಕೆ ಮತ್ತೊಮ್ಮೆ ಬ್ಯಾಂಕಿಗೆ ಅಲೆದೆ. ಎಲ್ಲ ಚಾರ್ಜೂ ನಾನೇ ಕೊಡುತ್ತೇನೆ ಅಂತ ಫಾರ್ಮ್‌ನಲ್ಲಿ ಬರೆಸಿ. ರೆಫರೆನ್ಸ್ ಜಾಗದಲ್ಲಿ ನಿಮ್ಮ ಸ್ಟೂಡೆಂಟ್ ಐಡಿ ಇರಲೇಬೇಕು.

ಇನ್ನು ದಾಖಲೆ. ಅಂತಿಮ ಪದವಿ ಪತ್ರ ಬರುವುದು ಘಟಿಕೋತ್ಸವದ ಹೊತ್ತಿಗೆ, ಅದನ್ನು ಕಾಯುವುದು ಬೇಡ. ಎಲ್ಲ ಸೆಮ್‌ಗಳ ಮಾರ್ಕ್ಸ್ ಕಾರ್ಡ್ ಮತ್ತು ಪಿಡಿಸಿ, ಅಂದರೆ ಪ್ರಾವಿಷನಲ್ ಡಿಗ್ರಿ ಸರ್ಟಿಫಿಕೇಟ್, ಸಾಕಾ ಅಂತ ಈಗಲೇ ಬರೆದು ಕೇಳಿಟ್ಟುಕೊಳ್ಳಿ. ಮೇಲ್‌ಗೆ ಅಂಟಿಸಿ ಕಳಿಸಿ ಸುಮ್ನೆ ಕೂರಬೇಡಿ. ಪೋರ್ಟಲ್‌ನಲ್ಲಿ ಅಪ್‌ಲೋಡ್ ಮಾಡಿ, ಸ್ಟೇಟಸ್ 'ಅನ್‌ಕಂಡೀಷನಲ್' ಆಗುವವರೆಗೆ ನೋಡುತ್ತಿರಿ. ಆಮೇಲಷ್ಟೇ ಕ್ಯಾಸ್, ಅಂದರೆ ವೀಸಾ ಅರ್ಜಿಗೆ ಯೂನಿವರ್ಸಿಟಿ ಕೊಡುವ ದೃಢೀಕರಣ, ಸಿಗುತ್ತದೆ, ಕ್ಯಾಸ್ ಇಲ್ಲದೆ ವೀಸಾ ಅರ್ಜಿ ಹಾಕಲು ಆಗಲ್ಲ.

ಮೇಲ್‌ನಲ್ಲಿ ಬರೆದಿರದ ಇನ್ನೊಂದು ಗಡುವಿದೆ. ಉಳಿದ ಫೀಸು ಮತ್ತು ಜೀವನ ವೆಚ್ಚದ ದುಡ್ಡನ್ನು ಉಳಿತಾಯದಿಂದ ತೋರಿಸುವುದಾದರೆ ಅದು ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದೇ ಒಂದು ದಿನ ಮೊತ್ತ ಕಡಿಮೆಯಾದರೂ ಎಣಿಕೆ ಮೊದಲಿನಿಂದ ಶುರು. ಲೆಕ್ಕಕ್ಕೆ ತೋರಿಸುವ ಆ 28 ದಿನಗಳ ಕೊನೆ ದಿನ, ವೀಸಾ ಅರ್ಜಿ ಹಾಕುವ ದಿನಕ್ಕಿಂತ ಹಿಂದಿನ 31 ದಿನಗಳೊಳಗೆ ಬರಬೇಕು. ಡಿಪಾಸಿಟ್ ಕಟ್ಟಿದ್ದು ಕ್ಯಾಸ್‌ನಲ್ಲಿ ನಮೂದಾಗಿದ್ದರೆ ಅಷ್ಟು ಮೊತ್ತ ಕಡಿಮೆ ತೋರಿಸಿದರೆ ಸಾಕು. ಹಾಗಾಗಿ ಡಿಪಾಸಿಟ್ ಹೋದ ಮೇಲೆ, ರಿಸಲ್ಟ್ ಕಾಯುತ್ತಿರುವಾಗಲೇ ಆ ದುಡ್ಡನ್ನು ಖಾತೆಗೆ ಹಾಕಿಡಿ, ಆಗಸ್ಟ್‌ನಲ್ಲಿ ಒದ್ದಾಟ ಇರಲ್ಲ.