ಇಳಿದ ತೋಳು ಬೇಗ ಮರಳುವುದೇಕೆ

"ಎರಡು ವರ್ಷ ಗರಡಿ ಮಾಡಿ ತೋಳು ಕಟ್ಟಿದ್ದೆ. ಕೈ ಮುರಿದು ಎಂಟು ತಿಂಗಳು ಬಿಟ್ಟೆ, ಎಲ್ಲ ಇಳೀತು. ಮತ್ತೆ ಎರಡು ವರ್ಷ ಬೇಕಾ?"

ಬೇಕಿಲ್ಲ. ನಾನೂ ದಾವಣಗೆರೆಯ ಗರಡಿಯವನೇ. ಮಂಡಿ ನೋವಿಂದ ಆರು ತಿಂಗಳು ಬಿಟ್ಟಿದ್ದೆ, ಮೂರು ತಿಂಗಳಲ್ಲಿ ತೊಡೆ ಹೆಚ್ಚುಕಡಿಮೆ ಮೊದಲಿನಂತಾಯಿತು.

ಸ್ನಾಯುವಿನ ಒಂದೊಂದು ಎಳೆಯೂ ಒಂದು ಉದ್ದನೆಯ ಜೀವಕೋಶ. ಅದರಲ್ಲಿ ನೂರಾರು ನ್ಯೂಕ್ಲಿಯಸ್ ಇರುತ್ತವೆ. ಪ್ರತಿಯೊಂದೂ ತನ್ನ ಸುತ್ತಲಿನ ಒಂದಿಷ್ಟು ಜಾಗಕ್ಕೆ ಪ್ರೋಟೀನ್ ಮಾಡಿಸುತ್ತದೆ. ಎಳೆ ದಪ್ಪಗಾಗಬೇಕಾದರೆ ಪಕ್ಕದ ಸ್ಯಾಟಲೈಟ್ ಕೋಶಗಳು ಬಂದು ಸೇರಿ ಹೊಸ ನ್ಯೂಕ್ಲಿಯಸ್ ಕೊಡುತ್ತವೆ. ಮೊದಲ ಸಲ ನಿಧಾನವಾಗಲು ಇದೂ ಒಂದು ಕಾರಣ. ವ್ಯಾಯಾಮ ಬಿಟ್ಟಾಗ ಪ್ರೋಟೀನ್ ಕರಗಿ ಎಳೆ ಸಣ್ಣಗಾಗುತ್ತದೆ, ಆದರೆ ಆ ನ್ಯೂಕ್ಲಿಯಸ್ ಬಹಳಷ್ಟು ಉಳಿದಿರುತ್ತವೆ ಅನ್ನುವುದು ವಾದ. ಕೆಲಸಗಾರರು ಊರಲ್ಲೇ ಇದ್ದಾರೆ, ಮಿಲ್ಲು ಮಾತ್ರ ನಿಂತಿದೆ, ಅಷ್ಟೇ.

2013ರಲ್ಲಿ ನಾರ್ವೆಯ ಓಸ್ಲೋದ ವಿಜ್ಞಾನಿಗಳ ತಂಡ ಇಲಿಗಳಿಗೆ ಎರಡು ವಾರ ಸ್ನಾಯು ಬೆಳೆಸುವ ಹಾರ್ಮೋನ್ ಟೆಸ್ಟೋಸ್ಟೆರಾನ್ ಕೊಟ್ಟು ನಿಲ್ಲಿಸಿತು. ದಪ್ಪಗಾಗಿದ್ದ ಸ್ನಾಯು ಇಳಿಯಿತು. ಮೂರು ತಿಂಗಳ ಮೇಲೆ ಭಾರ ಹಾಕಿದಾಗ ಆರೇ ದಿನದಲ್ಲಿ ಎಳೆ ಸುಮಾರು 30% ದಪ್ಪವಾಯಿತು. ಔಷಧ ಕಾಣದ ಇಲಿಗಳಲ್ಲಿ ಅಷ್ಟರಲ್ಲಿ ಹೇಳಿಕೊಳ್ಳುವಂಥ ಬೆಳವಣಿಗೆ ಇರಲಿಲ್ಲ.

ಆದರೆ ಮನುಷ್ಯರಲ್ಲಿ ಇದು ಇನ್ನೂ ಪಕ್ಕಾ ಆಗಿಲ್ಲ. ಕೆಲವು ಪ್ರಯೋಗಗಳಲ್ಲಿ ನ್ಯೂಕ್ಲಿಯಸ್ ಕಡಿಮೆಯಾದದ್ದೂ ಕಂಡಿದೆ. ಡಿಎನ್‌ಎ ಮೇಲೆ ಉಳಿಯುವ ರಾಸಾಯನಿಕ ಗುರುತುಗಳು, ನರಗಳ ಕಲಿಕೆ, ಇವೂ ಪಾಲುದಾರರು.

ಒಂದು ಎಚ್ಚರ: ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಡಾಕ್ಟರು ಸರಿ ಅಂದ ಮೇಲೆ ಹಳೆಯ ಭಾರದ ಅರ್ಧದಿಂದ ಶುರು ಮಾಡಿ. ಮಾರನೇ ದಿನ ಬೆಳಿಗ್ಗೆ ಮೊಣಕೈ ಹತ್ತಿರ ಚುಚ್ಚಿದರೆ ಆ ವಾರ ಭಾರ ಏರಿಸಬೇಡಿ.